ಚಾರ್ಟಿನ ಅಂಚಿನಲ್ಲಿ ಕನ್ನಡದ ತಿಂಗಳು, ಕನ್ನಡದ ಅಂಕಿ

ಸ್ಪ್ರೆಡ್‌ಶೀಟಿನಲ್ಲಿ ತಾರೀಖು ಎಂಬುದು ಒಳಗೆ ಬರೀ ಒಂದು ಸಂಖ್ಯೆ. 2024ರ ಏಪ್ರಿಲ್ 1 ಎಂದು ಟೈಪ್ ಮಾಡಿದಾಗ ಎಕ್ಸೆಲ್ ತನ್ನೊಳಗೆ ಬರೆದಿಟ್ಟುಕೊಳ್ಳುವುದು 45383 ಎಂಬ ಸಂಖ್ಯೆಯನ್ನು. 1900ರ ಜನವರಿ 1ನ್ನು ಒಂದೆಂದು ಹಿಡಿದು ಎಕ್ಸೆಲ್ ತನ್ನದೇ ಲೆಕ್ಕದಲ್ಲಿ ದಿನಗಳನ್ನು ಎಣಿಸುತ್ತ ಬಂದಾಗ ಸಿಗುವ ಸಂಖ್ಯೆ ಇದು. ಈ ಸಂಖ್ಯೆ ತೆರೆಯ ಮೇಲೆ ‘1-4-2024’ ಎಂದು ಕಾಣಬೇಕೋ, ‘ಏಪ್ರಿಲ್ ೨೦೨೪’ ಎಂದು ಕಾಣಬೇಕೋ ಎಂಬುದು ಸೆಲ್ಲಿನ ಫಾರ್ಮ್ಯಾಟಿಗೆ ಬಿಟ್ಟದ್ದು. ಲೀಟರು, ರೂಪಾಯಿ, ಮಿಲಿಮೀಟರುಗಳ ಲೆಕ್ಕಕ್ಕೂ ಇದೇ ನಿಯಮ. ವರದಿಯಲ್ಲಿ ಕನ್ನಡ ಬರಬೇಕಾದ ಜಾಗ ಈ ಫಾರ್ಮ್ಯಾಟೇ ಹೊರತು ಒಳಗಿನ ಬೆಲೆಯಲ್ಲ. ಕನ್ನಡದ ಚಾರ್ಟುಗಳಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಇವೆರಡನ್ನು ಬೆರೆಸಿದ್ದರಿಂದ ಆದವು.

ಬೆರೆಸುವುದು ಸುಲಭ, ಏಕೆಂದರೆ ಮೊದಲು ಹೊಳೆಯುವ ದಾರಿಯೇ ಅದು. ಒಂದು ಕಂಬಸಾಲಿನಲ್ಲಿ ‘ಏಪ್ರಿಲ್’, ‘ಮೇ’, ‘ಜೂನ್’ ಎಂದು ಕೈಯಾರೆ ಟೈಪ್ ಮಾಡಿ, ಪಕ್ಕದಲ್ಲಿ ಅಂಕಿಗಳನ್ನಿಟ್ಟು ಚಾರ್ಟು ಬಿಡಿಸಿದರೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಂದೊಂದು ದಿನ ಯಾರೋ ಆ ಪಟ್ಟಿಯನ್ನು ವಿಂಗಡಿಸುತ್ತಾರೆ, ಇಲ್ಲವೇ ಅದರಿಂದ ಪಿವಟ್ ಟೇಬಲ್ ತೆಗೆಯುತ್ತಾರೆ. ಆಗ ತಿಂಗಳುಗಳು ಅಕಾರಾದಿಯಾಗಿ ನಿಲ್ಲುತ್ತವೆ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಡಿಸೆಂಬರ್, ನವೆಂಬರ್, ಫೆಬ್ರವರಿ, ಮಾರ್ಚ್, ಮೇ, ಸೆಪ್ಟೆಂಬರ್. ನಿಘಂಟಿಗೆ ಈ ಕ್ರಮ ಸರಿ, ಹಾಲಿನ ಲೆಕ್ಕಕ್ಕೆ ಅಲ್ಲ. ಚಾರ್ಟಿನ ಗೆರೆ ಅಕ್ಟೋಬರಿನಿಂದ ಆಗಸ್ಟಿಗೆ ಹಾರಿ ಏಪ್ರಿಲಿಗೆ ಬಂದಾಗ, ಇಲ್ಲದ ಏರಿಳಿತಗಳು ಹುಟ್ಟಿಕೊಳ್ಳುತ್ತವೆ.

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ವರದಿಯನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಲೆಕ್ಕದ ವರ್ಷ ಏಪ್ರಿಲಿನಿಂದ ಮಾರ್ಚಿಗೆ. A ಕಂಬಸಾಲಿನಲ್ಲಿ ಪ್ರತಿ ತಿಂಗಳ ಮೊದಲ ದಿನ, B ಕಂಬಸಾಲಿನಲ್ಲಿ ಆ ತಿಂಗಳು ಶೇಖರಣೆಯಾದ ಹಾಲು, ಲೀಟರುಗಳಲ್ಲಿ. ಏಪ್ರಿಲಿನಲ್ಲಿ 16,240, ಮೇ ತಿಂಗಳ ಬಿಸಿಲಿಗೆ 15,310ಕ್ಕೆ ಇಳಿದು, ಮಳೆ ಬಂದು ಹಸಿಮೇವು ಸಿಕ್ಕ ಮೇಲೆ ಏರುತ್ತ ಅಕ್ಟೋಬರಿನಲ್ಲಿ 20,890, ಮಾರ್ಚಿಗೆ ಮತ್ತೆ 16,820. ವರ್ಷದ ಒಟ್ಟು 2,20,300 ಲೀಟರು. ಅಂಕಿಗಳು ಊಹೆಯವು. ಮಹಾಸಭೆಯಲ್ಲಿ ಸದಸ್ಯರ ಕೈಗೆ ಕೊಡುವ ಪುಸ್ತಿಕೆಯಲ್ಲಿ ಇದರ ಚಾರ್ಟು ಪೂರ್ತಿ ಕನ್ನಡದಲ್ಲಿರಬೇಕು, ಅಂಕಿಗಳೂ ಸೇರಿ.

ಮೊದಲು A ಕಂಬಸಾಲನ್ನು ಆರಿಸಿ `Ctrl+1` ಒತ್ತಿ, `Number` ಪುಟದ `Custom` ಎಂಬಲ್ಲಿ ಈ ಸೂತ್ರವನ್ನು ಬರೆಯಬೇಕು:

```
[$-44B]mmmm
```

ಚೌಕ ಕಂಸದೊಳಗಿನ 44B ಎಂಬುದು ಮೈಕ್ರೋಸಾಫ್ಟ್ ಕನ್ನಡಕ್ಕೆ ಕೊಟ್ಟಿರುವ ಭಾಷಾಸಂಖ್ಯೆ. ನಾಲ್ಕು m ಅಂದರೆ ತಿಂಗಳ ಪೂರ್ಣ ಹೆಸರು. ಕೂಡಲೇ 45383 ಇದ್ದ ಸೆಲ್ಲಿನಲ್ಲಿ ‘ಏಪ್ರಿಲ್’ ಎಂದು ಕಾಣುತ್ತದೆ. ಸೆಲ್ಲಿನೊಳಗಿನ ತಾರೀಖು ಮಾತ್ರ ಇದ್ದಂತೆಯೇ ಇರುತ್ತದೆ. ವಿಂಗಡಿಸಿದರೆ ಅದು ಕಾಲಕ್ರಮದಲ್ಲೇ ನಿಲ್ಲುತ್ತದೆ. ಕಂಪ್ಯೂಟರಿನ ಮೆನುಗಳು ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ. ಭಾಷೆಯನ್ನು ಸೂತ್ರವೇ ಹೇಳುತ್ತದೆ. ಆದ್ದರಿಂದ ಕಡತವನ್ನು ಬೇರೆ ಊರಿನ ಕಚೇರಿಗೆ ಕಳಿಸಿದಾಗ ಅಲ್ಲಿಯೂ ಕನ್ನಡವೇ ಕಾಣುತ್ತದೆ.

ಈ ಹಂತಕ್ಕೆ ಒಂದು ಉಪಕಾರವೂ ಇದೆ. ಕೆಲವು ಕಂಪ್ಯೂಟರುಗಳು ಅಮೆರಿಕದ ಕ್ರಮಕ್ಕೆ ಹೊಂದಿಸಿದ ಸ್ಥಿತಿಯಲ್ಲೇ ಬಂದಿರುತ್ತವೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಅಂಥ ಯಂತ್ರದಲ್ಲಿ 1/4/2024, 1/5/2024, 1/6/2024 ಎಂದು ಸಾಲಾಗಿ ತುಂಬಿಸಿದರೆ ಅವು ಏಪ್ರಿಲ್, ಮೇ, ಜೂನ್ ಆಗುವುದಿಲ್ಲ. ಜನವರಿ 4, ಜನವರಿ 5, ಜನವರಿ 6 ಆಗುತ್ತವೆ. ಅಂಕಿಯಲ್ಲಿ ನೋಡುವಾಗ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮೇಲಿನ ಸೂತ್ರ ಹಾಕಿದೊಡನೆ ಇಡೀ ಸಾಲು ‘ಜನವರಿ, ಜನವರಿ, ಜನವರಿ’ ಎಂದು ತೋರಿಸಿಬಿಡುತ್ತದೆ. ಇನ್ನೊಂದು ಗುರುತು: 13/4/2024 ಎಂಬಂಥ ತಾರೀಖು ಸೆಲ್ಲಿನ ಎಡಕ್ಕೆ ಅಂಟಿಕೊಂಡು ನಿಂತರೆ, ಹದಿಮೂರನೆಯ ತಿಂಗಳು ಇಲ್ಲದ್ದರಿಂದ ಎಕ್ಸೆಲ್ ಅದನ್ನು ತಾರೀಖೆಂದು ಒಪ್ಪಿಲ್ಲ ಎಂದು ತಿಳಿಯಬೇಕು. ಅಂಥ ಸೆಲ್ಲು ಯಾವ ಫಾರ್ಮ್ಯಾಟಿಗೂ ಜಗ್ಗುವುದಿಲ್ಲ. ವಿಂಡೋಸಿನ ಪ್ರಾದೇಶಿಕ ಹೊಂದಿಕೆಯನ್ನು ಭಾರತಕ್ಕೆ ಬದಲಿಸಿ ತಾರೀಖುಗಳನ್ನು ಹೊಸದಾಗಿ ತುಂಬುವುದೇ ಸರಿಯಾದ ಪರಿಹಾರ.

ಅಂಕಿಗಳ ವಿಷಯ ಬೇರೆ. ಭಾಷೆ ಕನ್ನಡ ಎಂದು ಹೇಳಿದ ಮಾತ್ರಕ್ಕೆ ಅಂಕಿಯೂ ಕನ್ನಡಕ್ಕೆ ತಿರುಗುವುದಿಲ್ಲ. ಭಾಷೆ ಒಂದು ಗುಂಡಿ, ಅಂಕಿಯ ಲಿಪಿ ಇನ್ನೊಂದು ಗುಂಡಿ. ತಂತ್ರಾಂಶಗಳೆಲ್ಲ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿವೆ. ಜಗತ್ತಿನ ಭಾಷೆಗಳ ತಿಂಗಳ ಹೆಸರು, ತಾರೀಖಿನ ಕ್ರಮ ಮುಂತಾದವನ್ನು ಸಂಗ್ರಹಿಸಿಡುವ ಯೂನಿಕೋಡಿನ ಸಿಎಲ್‌ಡಿಆರ್ ಎಂಬ ದತ್ತಾಂಶ ಭಂಡಾರದಲ್ಲೂ ಕನ್ನಡಕ್ಕೆ ಮೊದಲ ಆಯ್ಕೆ 1, 2, 3 ಎಂಬ ಅಂಕಿಗಳೇ. ೧, ೨, ೩ ಬೇಕೆಂದವರು ಕೇಳಿ ಪಡೆಯಬೇಕು. ಇದು ದೋಷವಲ್ಲ. ಇಂದಿನ ಕನ್ನಡ ಪತ್ರಿಕೆ, ಪುಸ್ತಕಗಳ ಬಳಕೆಯೇ ಬಹುಮಟ್ಟಿಗೆ ಹಾಗಿದೆ. ಎಕ್ಸೆಲಿನಲ್ಲಿ ಕೇಳುವ ಬಗೆ ಹೀಗೆ:

```
[$-B00044B]mmmm yyyy
[$-B00044B]#,##0
```

44Bಯ ಹಿಂದೆ ಸೇರಿಕೊಂಡ B ಎಂಬ ಅಕ್ಷರ ಕನ್ನಡ ಅಂಕಿಯ ಗುರುತು. ಹಿಂದಿಗೆ ಬಳಸುವ ದೇವನಾಗರಿ ಅಂಕಿಗೆ ಇದೇ ಜಾಗದಲ್ಲಿ 4, ತೆಲುಗಿಗೆ A. ಮೊದಲ ಸಾಲಿನ ಸೂತ್ರ ‘ಏಪ್ರಿಲ್ ೨೦೨೪’ ಎಂದೂ, ಎರಡನೆಯದು ‘೧೬,೨೪೦’ ಎಂದೂ ತೋರಿಸುತ್ತವೆ. ಲಿಬ್ರೆ ಆಫೀಸಿನ ಕ್ಯಾಲ್ಕ್ ಬಳಸುವವರಿಗೆ ಇದೇ ಕೆಲಸಕ್ಕೆ `[NatNum1][$-44B]#,##0` ಎಂಬ ಸೂತ್ರವಿದೆ.

ಇನ್ನು ಚಾರ್ಟು. A, B ಎರಡನ್ನೂ ಆರಿಸಿ ಕಂಬದ ಚಾರ್ಟನ್ನೋ ಗೆರೆಯ ಚಾರ್ಟನ್ನೋ ಸೇರಿಸಿದಾಗ, ಅಕ್ಷಗಳು ಸಾಮಾನ್ಯವಾಗಿ ಸೆಲ್ಲಿನ ಫಾರ್ಮ್ಯಾಟನ್ನೇ ಎತ್ತಿಕೊಳ್ಳುತ್ತವೆ. ಆದರೆ ಅದನ್ನು ನಂಬಿ ಕೂರುವುದು ಬೇಡ. ಯಾರಾದರೂ ಮುಂದೆ ಸೆಲ್ಲಿನ ಫಾರ್ಮ್ಯಾಟ್ ಬದಲಿಸಿದರೆ ಚಾರ್ಟೂ ಬದಲಾಗುತ್ತದೆ. ಅಡ್ಡ ಅಕ್ಷದ ಮೇಲೆ ಬಲಗುಂಡಿ ಒತ್ತಿ `Format Axis` ತೆರೆದರೆ, ಕೆಳಗಡೆ `Number` ಎಂಬ ಭಾಗವಿರುತ್ತದೆ. ಅಲ್ಲಿ `Linked to source` ಎಂಬುದರ ಗುರುತನ್ನು ತೆಗೆದು, `Format Code` ಜಾಗದಲ್ಲಿ ತಿಂಗಳ ಸೂತ್ರ ಬರೆದು `Add` ಒತ್ತಬೇಕು. ಲಂಬ ಅಕ್ಷಕ್ಕೆ ಅಂಕಿಯ ಸೂತ್ರ. ಕಂಬಗಳ ತಲೆಯ ಮೇಲೆ ಬೆಲೆಗಳನ್ನು ಹಾಕಿದ್ದರೆ ಅವುಗಳಿಗೂ ಇದನ್ನೇ ಪ್ರತ್ಯೇಕವಾಗಿ ಕೊಡಬೇಕು. ಇದನ್ನು ಮರೆತ ಚಾರ್ಟುಗಳಲ್ಲಿ ಅಕ್ಷದ ಮೇಲೆ ೨೦,೦೦೦ ಇದ್ದು ಕಂಬದ ಮೇಲೆ 20,890 ಇರುತ್ತದೆ. ಒಂದೇ ಚಿತ್ರದಲ್ಲಿ ಎರಡು ಬಗೆಯ ಅಂಕಿ ಇರುವುದು ಓದುವವರಿಗೆ ಮಾಡುವ ಅನ್ಯಾಯ. ಕಣ್ಣು ಪ್ರತಿ ಸಲವೂ ಲಿಪಿ ಬದಲಿಸಿಕೊಂಡು ಹೋಲಿಸಬೇಕಾಗುತ್ತದೆ. ಕನ್ನಡ ಅಂಕಿ ಎಂದ ಮೇಲೆ ತಾರೀಖು, ಅಕ್ಷ, ಬೆಲೆ, ಶೀರ್ಷಿಕೆ ಎಲ್ಲಕ್ಕೂ ಕನ್ನಡ ಅಂಕಿಯೇ ಇರಬೇಕು. ಅಷ್ಟು ಮಾಡಲು ಬಿಡುವಿಲ್ಲದಿದ್ದರೆ ತಿಂಗಳ ಹೆಸರಷ್ಟನ್ನು ಕನ್ನಡದಲ್ಲಿಟ್ಟು, ಎಲ್ಲ ಕಡೆಯೂ 1, 2, 3 ಬಳಸುವುದು ಮೇಲು.

ಅಡ್ಡ ಅಕ್ಷದಲ್ಲಿ ಹನ್ನೆರಡು ತಿಂಗಳ ಪೂರ್ಣ ಹೆಸರು ಹಿಡಿಸುವುದು ಕಷ್ಟ. ‘ಸೆಪ್ಟೆಂಬರ್’, ‘ಅಕ್ಟೋಬರ್’, ‘ನವೆಂಬರ್’, ‘ಡಿಸೆಂಬರ್’ ಒಟ್ಟಿಗೇ ಬರುವ ಕಡೆ ಜಾಗ ಸಾಲದೆ ಎಕ್ಸೆಲ್ ಅಕ್ಷರಗಳನ್ನು ಓರೆಯಾಗಿಸುತ್ತದೆ, ಇಲ್ಲವೇ ನೆಟ್ಟಗೆ ನಿಲ್ಲಿಸಿಬಿಡುತ್ತದೆ. ಕನ್ನಡದ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಣಿತದ ಗುರುತು ಇರುವುದರಿಂದ ಓರೆಯಾದಾಗ ಅದು ಇಂಗ್ಲಿಷಿಗಿಂತ ಹೆಚ್ಚು ಕೆಡುತ್ತದೆ. ಸಣ್ಣ ಗಾತ್ರದಲ್ಲಿ ‘ಪ್ಟೆ’ಯ ಒತ್ತು ಮಸಿಯ ಚುಕ್ಕೆಯಂತೆ ಕಾಣುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಒಂದು, `Major` ಅಂತರವನ್ನು ಎರಡು ತಿಂಗಳಿಗೆ ಏರಿಸಿ ಒಂದು ಬಿಟ್ಟು ಒಂದು ತಿಂಗಳ ಹೆಸರು ತೋರಿಸುವುದು. ಏಪ್ರಿಲ್, ಜೂನ್, ಆಗಸ್ಟ್ ಎಂದಿದ್ದರೆ ನಡುವಿನವು ಯಾವುವೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಇನ್ನೊಂದು, ಮೊಟಕು ಹೆಸರು. ಮೂರು m ಬರೆದರೆ ಮೊಟಕು ರೂಪ ಸಿಗಬೇಕು, ಆದರೆ ಅದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ. ಸಿಎಲ್‌ಡಿಆರ್ ಪಟ್ಟಿಯಲ್ಲಿ ‘ಸೆಪ್ಟೆಂ’, ‘ಅಕ್ಟೋ’, ‘ನವೆಂ’, ‘ಡಿಸೆಂ’ ಎಂದಿವೆ. ಓದಲು ಇವು ಅಡ್ಡಿಯಿಲ್ಲ.

ಇನ್ನೂ ಇಕ್ಕಟ್ಟಾದ ಜಾಗಕ್ಕೆ ಒಂದೇ ಅಕ್ಷರದ ರೂಪವೂ ಅದೇ ಪಟ್ಟಿಯಲ್ಲಿದೆ: ಜ, ಫೆ, ಮಾ, ಏ, ಮೇ, ಜೂ, ಜು, ಆ, ಸೆ, ಅ, ನ, ಡಿ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಇಳಿಸಿದರೆ ಜನವರಿ, ಜೂನ್, ಜುಲೈ ಮೂರಕ್ಕೂ J ಬರುತ್ತದೆ, ಮಾರ್ಚ್ ಮತ್ತು ಮೇ ಎರಡಕ್ಕೂ M. ಕನ್ನಡದಲ್ಲಿ ಗುಣಿತದ ದಯದಿಂದ ಹನ್ನೆರಡೂ ಬೇರೆಬೇರೆ! ಫೋನಿನ ತೆರೆಗೆಂದು ಮಾಡುವ ಪುಟ್ಟ ಚಾರ್ಟುಗಳಿಗೆ ಇದಕ್ಕಿಂತ ಒಳ್ಳೆಯ ಅಕ್ಷರಸಾಲು ಬೇರೆ ಬೇಕಿಲ್ಲ. ಗುಣಿತದ ಗುರುತು ಕಳಚಿ ಬರೀ ಜ, ಮ ಉಳಿದರೆ ಈ ಲಾಭ ಹೋಗುತ್ತದೆಯಾದ್ದರಿಂದ, ಬಂದದ್ದನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಬೇಕು.

ತಿಂಗಳ ಅಂಕಿಗಳೆಲ್ಲ ಲಕ್ಷದೊಳಗೇ ಇರುವುದರಿಂದ ಸಂಘದ ಚಾರ್ಟಿನಲ್ಲಿ ಅಲ್ಪವಿರಾಮದ ತಂಟೆಯಿಲ್ಲ. ಒಟ್ಟು ಮೊತ್ತಕ್ಕೆ ಬಂದಾಗ ಅದು ಎದುರಾಗುತ್ತದೆ. `#,##0` ಎಂಬ ಸೂತ್ರ ಗುಂಪು ಮಾಡುವ ಕ್ರಮವನ್ನು ಕಂಪ್ಯೂಟರಿನ ಪ್ರಾದೇಶಿಕ ಹೊಂದಿಕೆಯಿಂದ ತೆಗೆದುಕೊಳ್ಳುತ್ತದೆ. ಒಂದು ಯಂತ್ರದಲ್ಲಿ ‘೨,೨೦,೩೦೦’ ಎಂದು ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ‘೨೨೦,೩೦೦’ ಆಗುತ್ತದೆ. ಲಕ್ಷದ ಕ್ರಮವನ್ನು ಸೂತ್ರದಲ್ಲೇ ಕಟ್ಟಿಹಾಕಬಹುದು:

```
[>=100000][$-B00044B]##\,##\,##0;[$-B00044B]#,##0
```

ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಮೊದಲ ಭಾಗ, ಉಳಿದದ್ದಕ್ಕೆ ಎರಡನೆಯದು. ಕ್ಯಾಲ್ಕಿನಲ್ಲಿ ಇಷ್ಟು ಸುತ್ತಬೇಕಿಲ್ಲ. `[NatNum1][$-44B]#,##,##0` ಎಂದರೆ ಸಾಕು.

ಫಾರ್ಮ್ಯಾಟ್ ಬಿಟ್ಟು ಅಂಕಿಗಳನ್ನೇ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಬೇರೊಂದು ಹೊಂಡ ಕಾದಿದೆ. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ ಥರ. ಯೂನಿಕೋಡಿನಲ್ಲಿ ಸೊನ್ನೆಯ ಸ್ಥಾನ U+0CE6, ಅನುಸ್ವಾರದ್ದು U+0C82. ಅವಸರದಲ್ಲಿ ಸೊನ್ನೆಯ ಬದಲು ಅನುಸ್ವಾರ ಒತ್ತಿದರೆ ಮನುಷ್ಯರ ಕಣ್ಣಿಗೆ ‘೧೬,೨೪೦’ ಸರಿಯಾಗಿಯೇ ಕಾಣುತ್ತದೆ. ಯಂತ್ರಕ್ಕೆ ಅದು ಸಂಖ್ಯೆಯೇ ಅಲ್ಲ, ಬರೀ ಪಠ್ಯ. `SUM` ಪಠ್ಯವನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ. ಏಪ್ರಿಲ್ ತಿಂಗಳ ಸೆಲ್ಲು ಹೀಗಾದರೆ ವರ್ಷದ ಒಟ್ಟು 2,20,300ರ ಬದಲು 2,04,060 ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಚಾರ್ಟಿನಲ್ಲಿ ಏಪ್ರಿಲಿನ ಕಂಬ ನೆಲಕ್ಕಂಟುತ್ತದೆ. ಅನುಮಾನ ಬಂದ ಸೆಲ್ಲಿನ ಪಕ್ಕದಲ್ಲಿ `=ISNUMBER(B2)` ಎಂದು ಬರೆದರೆ `FALSE` ಎಂಬ ಉತ್ತರವೇ ತಪ್ಪನ್ನು ತೋರಿಸುತ್ತದೆ. ಅನುಸ್ವಾರ ಬೆರೆಯದಿದ್ದರೂ, ಟೈಪ್ ಮಾಡಿದ ಕನ್ನಡ ಅಂಕಿ ಪಠ್ಯವಾಗಿ ಉಳಿಯುವ ಅಪಾಯ ಇದ್ದೇ ಇದೆ. ತುಂಬುವಾಗ 1, 2, 3, ತೋರಿಸುವಾಗ ೧, ೨, ೩ ಎಂಬ ಪದ್ಧತಿಯೇ ಕ್ಷೇಮ.

ಅಕ್ಷರರೂಪದ ತೊಂದರೆಗಳಲ್ಲಿ ಹಳೆಯ ಫಾಂಟುಗಳದ್ದು ಮೊದಲನೆಯದು. ಯೂನಿಕೋಡಿಗೆ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತಿತರ ಗುರುತುಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಅವುಗಳಲ್ಲಿ ಟೈಪ್ ಮಾಡಿದ ‘ಜನವರಿ’, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ `d£ÀªÀj` ಎಂದು ಕಾಣುತ್ತದೆ. ಹಳೆಯ ವರದಿಯ ಚಾರ್ಟನ್ನು ನಕಲು ಮಾಡಿ ಹೊಸ ವರ್ಷದ ಅಂಕಿ ತುಂಬುವ ಕಚೇರಿಗಳಲ್ಲಿ ಇದು ಇಂದಿಗೂ ನಡೆಯುವಂಥದ್ದು. ಅಂಥ ಚಾರ್ಟಿನ ಅಕ್ಷಕ್ಕೆ ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟನ್ನೇ ಆರಿಸಬೇಕು. ಲಿಬ್ರೆ ಆಫೀಸಿನಲ್ಲಿ ಕನ್ನಡಕ್ಕೆ ಫಾಂಟ್ ಬದಲಿಸಿದರೂ ಬದಲಾಗದಿದ್ದರೆ ಕಾರಣ ಬೇರೆ: ಅದು ಭಾರತೀಯ ಲಿಪಿಗಳ ಫಾಂಟನ್ನು `Complex text layout` ಎಂಬ ಪ್ರತ್ಯೇಕ ಜಾಗದಲ್ಲಿ ಇಡುತ್ತದೆ. ಭಾಷಾ ಆಯ್ಕೆಗಳಲ್ಲಿ ಅದನ್ನು ಚಾಲೂ ಮಾಡಿ, ಫಾಂಟನ್ನು ಅಲ್ಲಿ ಬದಲಿಸಬೇಕು. ಗಾತ್ರ ತೀರ ಇಳಿಸುವುದೂ ಸಲ್ಲದು. ಕನ್ನಡ ಅಂಕಿಗಳಲ್ಲಿ ೩ ಮತ್ತು ೬ ಹತ್ತಿರದ ಆಕಾರದವು. ಅಗ್ಗದ ಕಾಗದದ ಮೇಲಿನ ಸಣ್ಣ ಅಚ್ಚಿನಲ್ಲಿ ಒಂದನ್ನು ಇನ್ನೊಂದೆಂದು ಓದುವುದು ಸಹಜ.

ಪೈಥಾನ್ ಪ್ರೋಗ್ರಾಮಿನಿಂದ ಚಾರ್ಟು ಬಿಡಿಸುವವರು ಎರಡು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಜನಪ್ರಿಯ ಸಾಧನದಲ್ಲಿ ತಿಂಗಳ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬಂದರೆ ಫಾಂಟಿನಲ್ಲಿ ಕನ್ನಡ ಇಲ್ಲವೆಂದರ್ಥ. ಕನ್ನಡ ಫಾಂಟನ್ನು ಹೆಸರಿಸಿದರೆ ಅದು ಹೋಗುತ್ತದೆ. ಆಮೇಲೂ ‘ಏಪ್ರಿಲ್’ನಲ್ಲಿ ಪಕಾರದ ಪಕ್ಕಕ್ಕೆ ಹಲಂತದ ಗುರುತು, ರಕಾರ, ಗುಣಿತದ ಗುಡಿಸು ಒಂದೊಂದಾಗಿ ಬಿಡಿಬಿಡಿಯಾಗಿ ನಿಂತರೆ ತಪ್ಪು ಫಾಂಟಿನದಲ್ಲ. ಅಕ್ಷರಗಳನ್ನು ಜೋಡಿಸಿ ಒತ್ತು ಮೂಡಿಸುವ ಕೆಲಸವನ್ನು ಆ ಸಾಧನ ಬಹುಕಾಲ ಮಾಡುತ್ತಿರಲಿಲ್ಲ. ಬಳಕೆಯಲ್ಲಿರುವ ಅನೇಕ ಆವೃತ್ತಿಗಳು ಹಾಗೆಯೇ ಇವೆ. ಆಗ ಚಾರ್ಟನ್ನು ಎಸ್‌ವಿಜಿ ರೂಪದಲ್ಲಿ, ಅಕ್ಷರಗಳನ್ನು ಚಿತ್ರವಾಗಿಸದೆ ಅಕ್ಷರಗಳಾಗಿಯೇ ಉಳಿಸಿ ತೆಗೆಯುವುದು ಸುಲಭದ ದಾರಿ. ಜೋಡಣೆಯನ್ನು ಬ್ರೌಸರ್ ನೋಡಿಕೊಳ್ಳುತ್ತದೆ. ತಿಂಗಳ ಹೆಸರಿಗೆ ಬೇಬಲ್ ಎಂಬ ಸಂಗ್ರಹವಿದೆ, ಅಂಕಿಯನ್ನು ಮಾತ್ರ ಕೈಯಾರೆ ಬದಲಿಸಬೇಕು:

```python
from babel.dates import format_date
plt.rcParams["svg.fonttype"] = "none"
anki = str.maketrans("0123456789", "೦೧೨೩೪೫೬೭೮೯")
format_date(d, "d MMMM y", locale="kn").translate(anki)
```

ಇಲ್ಲಿ `"d MMMM y"` ಎಂದು ಕ್ರಮವನ್ನು ಬಿಡಿಸಿ ಹೇಳಿರುವುದಕ್ಕೆ ಕಾರಣವಿದೆ. ಸಿದ್ಧರೂಪವಾದ `long` ಎಂಬುದನ್ನು ಕೇಳಿದರೆ ಸಿಎಲ್‌ಡಿಆರ್ ಕನ್ನಡಕ್ಕೆ ‘ಏಪ್ರಿಲ್ 1, 2024’ ಎಂಬ ಕ್ರಮ ಕೊಡುತ್ತದೆ. ಅದೇ ಪಟ್ಟಿಯ ಗಿಡ್ಡ ರೂಪ ಮಾತ್ರ ‘1/4/24’, ದಿನ ಮೊದಲು. ಒಂದೇ ವರದಿಯಲ್ಲಿ ಎರಡೂ ಬಂದರೆ ಕ್ರಮ ತಲೆಕೆಳಗಾದಂತೆ ಕಾಣುತ್ತದೆ. ಕ್ರಮವನ್ನು ತಾವೇ ಗೊತ್ತುಮಾಡಿ ಎಲ್ಲೆಡೆ ಅದನ್ನೇ ಬಳಸುವುದು ವಾಸಿ.

ಚಾರ್ಟಿನ ಶೀರ್ಷಿಕೆ ಮತ್ತು ವರದಿಯ ವಾಕ್ಯಗಳಲ್ಲೂ ತಾರೀಖು ತಾನಾಗಿ ಬದಲಾಗುವಂತೆ ಮಾಡಬಹುದು. ಎಕ್ಸೆಲಿನ `TEXT` ಸೂತ್ರ ತಾರೀಖನ್ನು ಪಠ್ಯವಾಗಿಸಿ ಕೊಡುತ್ತದೆ. ಅಕ್ಷಕ್ಕೆ ಅದು ಬೇಡ, ವಾಕ್ಯಕ್ಕೆ ಬೇಕು.

```
=TEXT(A2,"[$-B00044B]mmmm yyyy")&" – "&TEXT(A13,"[$-B00044B]mmmm yyyy")
```

ಇದು ‘ಏಪ್ರಿಲ್ ೨೦೨೪ – ಮಾರ್ಚ್ ೨೦೨೫’ ಎಂದಾಗುತ್ತದೆ. ಚಾರ್ಟಿನ ಶೀರ್ಷಿಕೆಯನ್ನು ಆರಿಸಿ ಸೂತ್ರಪಟ್ಟಿಯಲ್ಲಿ `=` ಒತ್ತಿ ಆ ಸೆಲ್ಲನ್ನು ತೋರಿಸಿದರೆ, ಮುಂದಿನ ವರ್ಷ ಶೀರ್ಷಿಕೆ ಮುಟ್ಟುವ ಕೆಲಸವೇ ಇರುವುದಿಲ್ಲ.

ವಿಭಕ್ತಿ ಪ್ರತ್ಯಯ ಅಂಟಿಸುವಾಗ ಮಾತ್ರ ಜಾಗ್ರತೆ ಬೇಕು. ತಿಂಗಳ ಹೆಸರಿಗೆ ‘ನಲ್ಲಿ’ ಸೇರಿಸಿಬಿಟ್ಟರೆ ‘ಜೂನ್’ ಹೋಗಿ ‘ಜೂನ್ನಲ್ಲಿ’ ಎಂದು ನಕಾರದ ಒತ್ತು ಮೂಡುತ್ತದೆ, ‘ಏಪ್ರಿಲ್ನಲ್ಲಿ’ಯಲ್ಲಿ ಲಕಾರದ ಕೆಳಗೆ ನಕಾರ ಸೇರುತ್ತದೆ. ಇವೆರಡರ ನಡುವೆ ಕಣ್ಣಿಗೆ ಕಾಣದ, ಅಕ್ಷರಗಳನ್ನು ಕೂಡಲು ಬಿಡದ ಒಂದು ಗುರುತು ಬೇಕು. ಎಕ್ಸೆಲಿನಲ್ಲಿ ಅದನ್ನು `UNICHAR(8204)` ಎಂದು ಸೇರಿಸಬಹುದು. ಆಗ ‘ಜೂನ್‌ನಲ್ಲಿ’ ಎಂದು ಸರಿಯಾಗುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ, ಏಕೆಂದರೆ ಜನವರಿಗೆ ‘ಜನವರಿಯಲ್ಲಿ’ ಎಂದಾಗಬೇಕು. ಹನ್ನೆರಡು ತಿಂಗಳಿಗೂ ಹೊಂದುವ ಸರಳ ದಾರಿಯೆಂದರೆ ಹೆಸರಿನ ಮುಂದೆ ಜಾಗ ಬಿಟ್ಟು ‘ತಿಂಗಳಲ್ಲಿ’ ಎಂದು ಬರೆಯುವುದು: ಜೂನ್ ತಿಂಗಳಲ್ಲಿ, ಜನವರಿ ತಿಂಗಳಲ್ಲಿ. ಇಸವಿಯ ವಿಷಯದಲ್ಲಿ ಕನ್ನಡ ಉದಾರಿ. ೨೦೨೪ರ, ೨೦೨೫ರ, ೨೦೨೬ರ ಎಂದು ಎಲ್ಲಕ್ಕೂ ‘ರ’ ಒಪ್ಪುವುದರಿಂದ ಅದನ್ನು ಸೂತ್ರದಲ್ಲೇ ಬರೆದಿಡಬಹುದು.

ಅಚ್ಚಿಗೆ ಕಳಿಸುವ ಮುನ್ನ ಪಿಡಿಎಫ್ ಮಾಡಿ, ಅದನ್ನು ವರದಿ ತಯಾರಾದ ಯಂತ್ರದಲ್ಲಲ್ಲದೆ ಬೇರೊಂದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ತೆರೆದು ನೋಡಬೇಕು. ಫಾಂಟು ಕಡತದೊಳಗೆ ಸೇರಿಲ್ಲದಿದ್ದರೆ ಗೊತ್ತಾಗುವುದು ಅಲ್ಲಿಯೇ. ನೋಡಬೇಕಾದ ಜಾಗಗಳು ಕೆಲವೇ: ‘ಫೆಬ್ರವರಿ’ಯ ರಕಾರದ ಒತ್ತು, ‘ಸೆಪ್ಟೆಂಬರ್’ನ ಟಕಾರದ ಒತ್ತು ಅಕ್ಷದ ಅಂಚಿನಲ್ಲಿ ಕತ್ತರಿಸಿ ಹೋಗಿಲ್ಲವೇ, ಲಂಬ ಅಕ್ಷದ ಸೊನ್ನೆಗಳೆಲ್ಲ ಒಂದೇ ಗಾತ್ರದವೇ, ಮತ್ತು ಕಂಬಗಳ ಬೆಲೆ ಕೋಷ್ಟಕದ ಬೆಲೆಗೆ ಹೊಂದುತ್ತದೆಯೇ. ಕೊನೆಯದಕ್ಕೆ ಎರಡು ತಿಂಗಳ ಲೆಕ್ಕ ಸಾಕು. ಸಂಘದ ಚಾರ್ಟಿನಲ್ಲಾದರೆ ಅತಿ ಗಿಡ್ಡ ಕಂಬದ ಮೇಲೆ ೧೫,೩೧೦, ಅತಿ ಎತ್ತರದ ಕಂಬದ ಮೇಲೆ ೨೦,೮೯೦ ಇರಬೇಕು.